ನಾಳೆ ಇಷ್ಟೊತ್ತಿಗೆ ಅಂದ್ರೆ ಎಷ್ಟು ಗಂಟೆ?

2024ರ ಮಾರ್ಚ್ 10, ಭಾನುವಾರ. ಬೆಳಗ್ಗೆ ಆರೂವರೆಗೆ ನ್ಯೂಜೆರ್ಸಿಯಿಂದ ಅಕ್ಕನ ಫೋನು. ಅಲ್ಲಿ ಇನ್ನೂ ಶನಿವಾರ ರಾತ್ರಿ ಎಂಟು ಗಂಟೆ. ಅಮ್ಮನ ಹತ್ತಿರ ಮಾತೆಲ್ಲ ಮುಗಿದ ಮೇಲೆ ಅಕ್ಕ ಹೇಳಿದಳು: "ನಾಳೆ ಇಷ್ಟೊತ್ತಿಗೆ ಆಗಲ್ಲಮ್ಮ, ಎರಡು ಗಂಟೆ ತಡವಾಗಿ ಮಾಡ್ತೀನಿ."

ಅಮ್ಮನ ಲೆಕ್ಕ ಸರಳ. ಇವತ್ತು ಆರೂವರೆ, ನಾಳೆ ಎರಡು ಗಂಟೆ ತಡ ಅಂದ್ರೆ ಎಂಟೂವರೆ. ಸೋಮವಾರ ಏಳು ಗಂಟೆಗೆ ಫೋನನ್ನು ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋದರು. ಏಳೂವರೆಗೆ ಫೋನ್ ಬಡ್ಕೊಂಡು ಬಡ್ಕೊಂಡು ಸುಮ್ಮನಾಯ್ತು. ಎಂಟೂವರೆಗೆ ಅಮ್ಮ ಕಾಫಿ ಲೋಟ ಹಿಡಿದು ಕೂತರು, ಫೋನು ಬರಲಿಲ್ಲ. ಅಕ್ಕ ಹೇಳಿದ ಮಾತಿಗೆ ತಪ್ಪಿರಲಿಲ್ಲ, ಅಮ್ಮನ ಲೆಕ್ಕದಲ್ಲೂ ತಪ್ಪಿರಲಿಲ್ಲ. ಆದರೂ ಇಬ್ಬರ ನಡುವೆ ಒಂದು ಗಂಟೆ ಎಲ್ಲೋ ಬಿದ್ದು ಹೋಗಿತ್ತು.

ಇದು ನನಗೆ ಯಾಕೆ ಇಷ್ಟು ತಲೆಗೆ ಹತ್ತಿತು ಅಂದ್ರೆ, ಅಕ್ಕ ಹೇಳಿದ "ನಾಳೆ ಇಷ್ಟೊತ್ತಿಗೆ, ಆಮೇಲೆ ಎರಡು ಗಂಟೆ" ಅನ್ನೋದನ್ನು ಆಫೀಸಿನಲ್ಲಿ ನಾವು ದಿನಾ ಆರೇ ಅಕ್ಷರದಲ್ಲಿ ಬರೀತೀವಿ: `P1DT2H`. ಸಾಫ್ಟ್‌ವೇರ್ ಕೆಲಸದಲ್ಲಿರೋರಿಗೆ ಇದು ಹೊಸದಲ್ಲ. ಯಾವುದೋ ಕಾನ್ಫಿಗ್ ಫೈಲಿನಲ್ಲಿ, ಯಾವುದೋ ಎಪಿಐ ಉತ್ತರದಲ್ಲಿ ಕಂಡಿರುತ್ತೆ. ಯೂಟ್ಯೂಬಿನ ಎಪಿಐ ಕೂಡ ವಿಡಿಯೋ ಎಷ್ಟು ಉದ್ದ ಅನ್ನೋದನ್ನ `PT15M33S` ಅಂತಲೇ ಹೇಳುತ್ತೆ. ನಾವು ಸಿನಿಮಾ ನೋಡಿ ವಿಮರ್ಶೆ ಬರೀತೀವಿ, ಕಾದಂಬರಿ ಓದಿ ಬರೀತೀವಿ. ದಿನಕ್ಕೆ ಹತ್ತು ಸಲ ಓದೋ ಈ ಆರಕ್ಷರದ ಬರಹವನ್ನು ಮಾತ್ರ ಯಾರೂ ಕೂತು ಓದಲ್ಲ. ಇವತ್ತು ಓದೋಣ.

ಮೊದಲು ಇದರ ವ್ಯಾಕರಣ. ಐಎಸ್‌ಒ 8601 ಅನ್ನೋದು ತಾರೀಕು ಮತ್ತು ಹೊತ್ತನ್ನು ಬರೆಯೋದಕ್ಕಿರುವ ಅಂತರರಾಷ್ಟ್ರೀಯ ಮಾನದಂಡ, ಮೊದಲು ಬಂದದ್ದು 1988ರಲ್ಲಿ. ಅದರಲ್ಲಿ ಅವಧಿ ಬರೆಯೋಕೆ ಒಂದು ಪದ್ಧತಿ ಇದೆ. `P` ಅಂತ ಶುರು ಮಾಡಬೇಕು. ಅದು ಬಂದರೆ ಮುಂದಿರೋದು ತಾರೀಕಲ್ಲ, ಅವಧಿ ಅಂತ ಅರ್ಥ. ಆಮೇಲೆ ಸಂಖ್ಯೆ, ಅದರ ಹಿಂದೆಯೇ ಅಕ್ಷರ: ವರ್ಷಕ್ಕೆ `Y`, ತಿಂಗಳಿಗೆ `M`, ವಾರಕ್ಕೆ `W`, ದಿನಕ್ಕೆ `D`. ಅಲ್ಲಿಂದ ಗಂಟೆ, ನಿಮಿಷ, ಸೆಕೆಂಡಿಗೆ ಹೋಗಬೇಕಾದರೆ ಮಧ್ಯೆ ಒಂದು `T` ಇಡಲೇಬೇಕು. ಆಮೇಲೆ ಗಂಟೆಗೆ `H`, ನಿಮಿಷಕ್ಕೆ `M`, ಸೆಕೆಂಡಿಗೆ `S`. ದಿನ ಇಲ್ಲದೆ ಬರೀ ಎರಡು ಗಂಟೆ ಅಂದ್ರೂ `PT2H` ಅಂತಲೇ ಬರೀಬೇಕು, `P2H` ಅಂದ್ರೆ ತಪ್ಪು.

ಈ `T` ಯಾಕೆ ಬೇಕು? ಎಲ್ಲರೂ ಕೊಡೋ ಉತ್ತರ ಒಂದೇ: `M` ಎರಡು ಕಡೆ ಬರುತ್ತಲ್ಲ, ತಿಂಗಳೋ ನಿಮಿಷವೋ ಗೊತ್ತಾಗಬೇಕಲ್ಲ, ಅದಕ್ಕೆ. ಉತ್ತರ ಸರಿಯೇ. ಆದರೆ ಅಷ್ಟೇ ಅಲ್ಲ ಅನ್ನೋದು ನನ್ನ ವಾದ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು, ಈ ಒಂದಕ್ಷರ ಮರೆತರೆ ಏನಾಗುತ್ತೆ ಅಂತ ನಾನು ಕಲಿತ ಬಗೆ ಹೇಳ್ತೀನಿ.

ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ, ಪಾಸ್‌ವರ್ಡ್ ಮರೆತವರಿಗೆ ಮೇಲ್‌ನಲ್ಲಿ ಕಳಿಸೋ ಲಿಂಕು ಹದಿನೈದು ನಿಮಿಷ ಮಾತ್ರ ಬದುಕಿರಬೇಕು ಅಂತ ತೀರ್ಮಾನ ಆಯ್ತು. ಕೋಡು ಬರೆದವನು ನಾನೇ. ಪೈಥಾನ್‌ನಲ್ಲಿ ಈ ಬರಹವನ್ನು ಓದೋಕೆ `isodate` ಅನ್ನೋ ಲೈಬ್ರರಿ ಇದೆ. ಅದಕ್ಕೆ ನಾನು ಕೊಟ್ಟಿದ್ದು ಇದು:

```python
ttl = isodate.parse_duration("P15M")
expires_at = created_at + ttl
```

ಟೆಸ್ಟ್ ಬರೆದೆ. ಲಿಂಕು ಕಳಿಸಿದ ಐದು ನಿಮಿಷಕ್ಕೆ ಒತ್ತಿದರೆ ತೆರೆಯುತ್ತಾ? ತೆರೆಯುತ್ತೆ. ಹಸಿರು ಗುರುತು ಬಂತು. ಹದಿನಾರನೇ ನಿಮಿಷಕ್ಕೆ ಒತ್ತಿದರೆ ತೆರೆಯಬಾರದು ಅನ್ನೋ ಟೆಸ್ಟ್ ಬರೀಲಿಲ್ಲ. ಕೋಡ್ ನೋಡಿದ ಸಹೋದ್ಯೋಗಿಯ ಕಣ್ಣು "15M" ಅನ್ನೋದರ ಮೇಲೆ ಹರಿದು ಮುಂದೆ ಹೋಯ್ತು. ಹದಿನೈದು ನಿಮಿಷ ಅಂತ ಎಲ್ಲರಿಗೂ ಗೊತ್ತಿತ್ತಲ್ಲ, ಹಾಗಾಗಿ ಎಲ್ಲರೂ ಹದಿನೈದು ನಿಮಿಷ ಅಂತಲೇ ಓದಿದರು.

ಸುಮಾರು ದಿನ ಆದಮೇಲೆ ಬೇರೇನೋ ಹುಡುಕ್ತಾ ಡೇಟಾಬೇಸ್ ತೆಗೆದಾಗ ಕಣ್ಣಿಗೆ ಬಿತ್ತು. ಒಂದು ಸಾಲಿನಲ್ಲಿ ಲಿಂಕು ಹುಟ್ಟಿದ್ದು 2023ರ ಮಾರ್ಚ್ 1, ಬೆಳಗ್ಗೆ ಹತ್ತು ಗಂಟೆ. ಸಾಯೋದು 2024ರ ಜೂನ್ 1, ಬೆಳಗ್ಗೆ ಹತ್ತು ಗಂಟೆ. ಹದಿನೈದು ತಿಂಗಳು! ಅಷ್ಟೂ ದಿನ, ಯಾರದ್ದಾದರೂ ಹಳೇ ಮೇಲ್ ಬೇರೆಯವರ ಕೈಗೆ ಸಿಕ್ಕಿದ್ದರೆ ಆ ಖಾತೆಗೆ ಹೊಸ ಪಾಸ್‌ವರ್ಡ್ ಹಾಕಬಹುದಿತ್ತು. ಹೊಟ್ಟೆಯೊಳಗೆ ತಣ್ಣಗಾಯ್ತು ಅಂತಾರಲ್ಲ, ಹಾಗಾಯ್ತು.

ಇಲ್ಲಿ ಲೈಬ್ರರಿಯ ತಪ್ಪಿಲ್ಲ. `P15M` ಅಂದ್ರೆ ಹದಿನೈದು ತಿಂಗಳೇ. ಅದು ಸರಿಯಾಗಿ ಓದಿತು. ಒಂದು ವಿವರ ಮಾತ್ರ ತಿಳಿದಿರಬೇಕು. ಬರಹದಲ್ಲಿ ತಿಂಗಳು ಅಥವಾ ವರ್ಷ ಇಲ್ಲದಿದ್ದರೆ `isodate` ಪೈಥಾನ್‌ನ ಮಾಮೂಲಿ `timedelta` ಕೊಡುತ್ತೆ. ಇದ್ದರೆ ತನ್ನದೇ ಬೇರೆ ಜಾತಿಯ `Duration` ಕೊಡುತ್ತೆ. ಎರಡನ್ನೂ ತಾರೀಕಿಗೆ ಕೂಡಿಸಬಹುದು, ಹಾಗಾಗಿ ಎಲ್ಲೂ ಎಡವಲ್ಲ, ಎಲ್ಲೂ ಕಿರುಚಲ್ಲ. ಆಮೇಲೆ ನಾವು ಮಾಡಿದ ರಿಪೇರಿ ಎರಡು. ಒಂದು, `T` ಸೇರಿಸಿದ್ದು. ಇನ್ನೊಂದು, ಓದಿದ ಕೂಡಲೇ ಅದು `timedelta` ಹೌದೋ ಅಲ್ಲವೋ ನೋಡಿ, ಅಲ್ಲದಿದ್ದರೆ ಪ್ರೋಗ್ರಾಮ್ ಶುರುವಾಗೋದನ್ನೇ ನಿಲ್ಲಿಸಿದ್ದು. ಲಿಂಕಿನ ಆಯಸ್ಸಿನಲ್ಲಿ ತಿಂಗಳಿಗೆ ಏನು ಕೆಲಸ?

ಇದು ಈ ಪದ್ಧತಿಯ ಮೇಲೆ ನನ್ನ ಮೊದಲ ತಕರಾರು. ಬರವಣಿಗೆಯಲ್ಲಿ ತಪ್ಪು ಮಾಡೋದು ಸಹಜ, ಒಳ್ಳೆ ಪದ್ಧತಿಯಲ್ಲಿ ಆ ತಪ್ಪು ಕಾಣಬೇಕು. `P2H` ಅಂತ ಬರೆದರೆ ಸಿಕ್ಕಿಬೀಳ್ತೀರಿ, ಯಾಕಂದ್ರೆ `H` ಅನ್ನೋದು `T` ದಾಟದೆ ಬರೋ ಹಾಗಿಲ್ಲ. `P15M` ಬರೆದರೆ ಸಿಕ್ಕಿಬೀಳಲ್ಲ. ಅದೂ ಒಂದು ಸರಿಯಾದ ಮಾತೇ, ಬೇರೆ ಅರ್ಥದ್ದು. ಹದಿನೈದು ನಿಮಿಷಕ್ಕೂ ಹದಿನೈದು ತಿಂಗಳಿಗೂ ನಡುವೆ ನಲವತ್ತು ಸಾವಿರ ಪಟ್ಟಿಗೂ ಹೆಚ್ಚು ಅಂತರ. ಆ ಅಂತರವನ್ನು ಕಾಯೋಕೆ ನಿಲ್ಲಿಸಿರೋದು ಒಂದೇ ಒಂದು ಅಕ್ಷರ. ಅದರ ಪಕ್ಕದಲ್ಲಿ ಸಂಖ್ಯೆ ಕೂಡ ಇಲ್ಲದೆ ಇರೋದರಿಂದ ಅದು ಕಣ್ಣಿಗೆ ಬೀಳೋದೂ ಕಷ್ಟ.

ಕ್ಯಾಲೆಂಡರ್ ಆಪ್‌ಗಳು ಮೀಟಿಂಗ್ ಹಂಚಿಕೊಳ್ಳೋ ಐಕ್ಯಾಲೆಂಡರ್ ಪದ್ಧತಿ ಇದೆಯಲ್ಲ, 2009ರ ಆರ್‌ಎಫ್‌ಸಿ 5545, ಅದನ್ನು ಬರೆದವರು ಇದೇ ಬರಹವನ್ನು ತಗೊಂಡರು. ಆದರೆ ವರ್ಷವನ್ನೂ ತಿಂಗಳನ್ನೂ ಕಿತ್ತು ಹೊರಗಿಟ್ಟರು. ಅಲ್ಲಿ ಉಳಿದಿರೋದು ವಾರ, ದಿನ, ಗಂಟೆ, ನಿಮಿಷ, ಸೆಕೆಂಡ್ ಮಾತ್ರ. ಮೀಟಿಂಗಿಗೆ ಕಾಲು ಗಂಟೆ ಮುಂಚೆ ಎಚ್ಚರಿಸು ಅನ್ನೋದು ಅಲ್ಲಿ `TRIGGER:-PT15M`. ಅವಸರದಲ್ಲಿ `T` ಬಿಟ್ಟು `-P15M` ಅಂತ ಬರೆದರೆ ಅದಕ್ಕೆ ಅರ್ಥವೇ ಇಲ್ಲ. ತಪ್ಪು ಅಲ್ಲೇ ತಪ್ಪಾಗಿ ಕಾಣುತ್ತೆ. ನನ್ನ ಲಿಂಕಿಗೂ ಬೇಕಾಗಿದ್ದದ್ದು ಅಷ್ಟೇ.

ಈಗ ಅಕ್ಕನ ಫೋನಿಗೆ ವಾಪಸ್ ಬರೋಣ, ಯಾಕಂದ್ರೆ `T` ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು ಅಲ್ಲಿದೆ.

ಅಮೆರಿಕದ ಪೂರ್ವ ತೀರದಲ್ಲಿ 2024ರ ಮಾರ್ಚ್ 10ರ ಭಾನುವಾರ ಬೆಳಗಿನ ಜಾವ ಎರಡು ಗಂಟೆ ಆಗ್ತಿದ್ದ ಹಾಗೆ ಗಡಿಯಾರವನ್ನು ಮೂರಕ್ಕೆ ತಿರುಗಿಸಿದರು. ಬೇಸಿಗೆಯ ಹೊತ್ತು ಶುರು. ಹಾಗಾಗಿ ಅಲ್ಲಿ ಆ ಭಾನುವಾರಕ್ಕೆ ಇದ್ದದ್ದು ಇಪ್ಪತ್ತಮೂರೇ ಗಂಟೆ. ಅಕ್ಕ ಮಾತಾಡಿದ್ದು ಶನಿವಾರ ರಾತ್ರಿ ಎಂಟಕ್ಕೆ. "ನಾಳೆ ಇಷ್ಟೊತ್ತಿಗೆ" ಅಂದ್ರೆ ಅವಳಿಗೆ ಭಾನುವಾರ ರಾತ್ರಿ ಎಂಟು, ಅವಳ ಗೋಡೆಯ ಗಡಿಯಾರದ ಎಂಟು. ಅದಕ್ಕೆ ಎರಡು ಗಂಟೆ ಸೇರಿಸಿ ಹತ್ತಕ್ಕೆ ಫೋನ್ ಮಾಡಿದಳು. ನಮ್ಮಲ್ಲಿ ಆಗ ಸೋಮವಾರ ಬೆಳಗ್ಗೆ ಏಳೂವರೆ. ಅಮ್ಮ ಲೆಕ್ಕ ಹಾಕಿದ್ದು ನಮ್ಮ ಗಡಿಯಾರದಲ್ಲಿ. ಇಲ್ಲಿ ಗಡಿಯಾರ ತಿರುಗಿಸೋ ಪದ್ಧತಿ ಇಲ್ಲ, ದಿನ ಅಂದ್ರೆ ಯಾವಾಗಲೂ ಇಪ್ಪತ್ನಾಲ್ಕು ಗಂಟೆಯೇ. ಆರೂವರೆಗೆ ಇಪ್ಪತ್ತಾರು ಗಂಟೆ ಸೇರಿಸಿದರೆ ಎಂಟೂವರೆ.

ಈಗ ಇಬ್ಬರ ಲೆಕ್ಕವನ್ನೂ ಬರೆದು ನೋಡಿ. ಶುರು ಇಬ್ಬರಿಗೂ ಒಂದೇ ಕ್ಷಣ, ಅಕ್ಕನ ಊರಿನ ಶನಿವಾರ ರಾತ್ರಿ ಎಂಟು:

```
P1DT2H -> ಭಾನುವಾರ ರಾತ್ರಿ 10:00
PT26H  -> ಭಾನುವಾರ ರಾತ್ರಿ 11:00
```

ಅಕ್ಕ ಹೇಳಿದ್ದು ಮೊದಲನೇದು, ಅಮ್ಮ ಕೇಳಿಸಿಕೊಂಡದ್ದು ಎರಡನೇದು. ನವೆಂಬರಿನಲ್ಲಿ ಗಡಿಯಾರ ವಾಪಸ್ ತಿರುಗಿಸೋ ವಾರಾಂತ್ಯದಲ್ಲಿ ಇದೇ ಮಾತಾಡಿದ್ದರೆ ವ್ಯತ್ಯಾಸ ಉಲ್ಟಾ ಆಗ್ತಿತ್ತು: ಮೊದಲನೇದು ಹತ್ತಕ್ಕೇ, ಎರಡನೇದು ಒಂಬತ್ತಕ್ಕೆ.

`T` ಅನ್ನೋದು ಬರೀ ತಿಂಗಳು, ನಿಮಿಷದ ಜಗಳ ಬಿಡಿಸೋಕೆ ಬಂದ ಮಧ್ಯಸ್ಥ ಅಲ್ಲ ಅಂದೆನಲ್ಲ, ಅದು ಇದಕ್ಕೇ. ಅದೊಂದು ಹೊಸ್ತಿಲು. ಅದರ ಎಡಗಡೆ ಇರೋದೆಲ್ಲ ಕ್ಯಾಲೆಂಡರಿನ ಮಾತು: ಹಾಳೆ ತಿರುವಿ ಅದೇ ಹೊತ್ತಿಗೆ ಬಂದು ನಿಲ್ಲು. ಬಲಗಡೆ ಇರೋದೆಲ್ಲ ಎಣಿಕೆಯ ಮಾತು: ಇಷ್ಟು ಗಂಟೆ, ಇಷ್ಟು ನಿಮಿಷ ಕಳೆಯಲಿ. ನಮ್ಮ ಮಾತಿನಲ್ಲೇ ಈ ವ್ಯತ್ಯಾಸ ಇದೆ. "ಅಕ್ಕಿ ಐದು ಗಂಟೆ ನೆನೀಲಿ" ಅಂದಾಗ ಗಡಿಯಾರದಲ್ಲಿ ಎಷ್ಟಾಗಿದೆ ಅನ್ನೋದು ಅಕ್ಕಿಗೆ ಬೇಕಿಲ್ಲ, ಐದು ಗಂಟೆ ನೀರಿನಲ್ಲಿದ್ದರೆ ಸಾಕು. "ನಾಳೆ ಇಷ್ಟೊತ್ತಿಗೆ ಬಾ" ಅಂದಾಗ ಯಾರೂ ಗಂಟೆ ಎಣಿಸಲ್ಲ. ಆರ್‌ಎಫ್‌ಸಿ 5545 ಕೂಡ ಇದನ್ನೇ ಹೇಳುತ್ತೆ: ವಾರ ಮತ್ತು ದಿನ ಹೆಸರಿಗೆ ಅವಧಿ, ಅವು ಕ್ಯಾಲೆಂಡರಿನಲ್ಲಿ ಎಲ್ಲಿ ಬೀಳುತ್ತವೆ ಅನ್ನೋದರ ಮೇಲೆ ಉದ್ದ ಬದಲಾಗಬಹುದು. ಗಂಟೆ, ನಿಮಿಷ, ಸೆಕೆಂಡ್ ನಿಖರ ಅವಧಿ.

ಹಾಗೆ ನೋಡಿದರೆ ಈ ಬರಹದ ದೊಡ್ಡ ಗುಣ ಇದೇ. ಅದು ಸೆಕೆಂಡುಗಳ ಮೊತ್ತವಲ್ಲ. 93,600 ಸೆಕೆಂಡ್ ಅಂತ ಬರೆದುಬಿಟ್ಟರೆ ಅಕ್ಕ ಏನು ಹೇಳಿದಳು ಅನ್ನೋದು ಕಳೆದುಹೋಗುತ್ತೆ. `P1DT2H` ಅವಳ ಮಾತನ್ನು ಅವಳು ಹೇಳಿದ ಹಾಗೇ ಇಟ್ಟುಕೊಳ್ಳುತ್ತೆ. ಉದ್ದ ಎಷ್ಟು ಅನ್ನೋದು ಯಾವ ಊರಲ್ಲಿ, ಯಾವ ತಾರೀಕಿನಿಂದ ಅಂತ ಗೊತ್ತಾದ ಮೇಲೆ ತೀರ್ಮಾನ ಆಗುತ್ತೆ. ಆ ಊರು ಮತ್ತು ತಾರೀಕು ಬರಹದ ಒಳಗಿಲ್ಲ, ಜೊತೆಗೆ ಬೇರೆಯಾಗಿ ಕೊಡಬೇಕು. ಅಮ್ಮನಿಗೆ ಆದದ್ದೂ ಅದೇ. ಮಾತು ಪೂರ್ತಿ ತಲುಪಿತು, ಯಾವ ಊರಿನ ಗಡಿಯಾರ ಅನ್ನೋದು ತಲುಪಲಿಲ್ಲ.

ಎರಡನೇ ತಕರಾರು ಇಲ್ಲಿಂದ ಶುರುವಾಗುತ್ತೆ. ಇದು ಪದ್ಧತಿಗಿಂತ ಹೆಚ್ಚಾಗಿ ಅದನ್ನು ಓದೋ ಪ್ರೋಗ್ರಾಮುಗಳ ಮೇಲೆ. ಹೊಸ್ತಿಲು ಇಟ್ಟವರು ಒಬ್ಬರು, ಅದನ್ನ ತುಳಿದು ಓಡಾಡೋರು ಬೇರೆಯವರು. ಜಾವಾದಲ್ಲಿ ಇದನ್ನು ಮಾಡಿ ನೋಡಿ:

```java
Duration.parse("P1DT2H").toString()   // "PT26H"
```

ಒಳಗೆ ಹೋದದ್ದು ಅಕ್ಕನ ಮಾತು, ಹೊರಗೆ ಬಂದದ್ದು ಅಮ್ಮನ ಲೆಕ್ಕ. ಜಾವಾ ಮೋಸ ಮಾಡ್ತಿಲ್ಲ. `Duration` ಅನ್ನೋದು ನಿಖರ ಅವಧಿಗೆ ಮಾತ್ರ, ಅದರಲ್ಲಿ ದಿನ ಅಂದ್ರೆ ಸರಿಯಾಗಿ 24 ಗಂಟೆ ಅಂತ ಅದರ ದಾಖಲೆಯಲ್ಲೇ ಬರೆದಿದ್ದಾರೆ. ಕ್ಯಾಲೆಂಡರಿನ ಮಾತಿಗೆ `Period` ಅಂತ ಬೇರೆಯೇ ಇದೆ. ಅದು ವರ್ಷ, ತಿಂಗಳು, ದಿನ ಇಟ್ಟುಕೊಳ್ಳುತ್ತೆ, ಗಂಟೆಯನ್ನು ಹತ್ತಿರ ಸೇರಿಸಲ್ಲ. ಹೊಸ್ತಿಲಿನ ಎರಡೂ ಕಡೆಗೆ ಒಂದೊಂದು ಮನೆ ಕಟ್ಟಿದ ಹಾಗೆ. ಇದರಿಂದ ಒಂದು ಲಾಭ ಉಂಟು: ನನ್ನ `P15M` ಅನ್ನು `Duration.parse`ಗೆ ಕೊಟ್ಟಿದ್ದರೆ ಅದು ತಿಂಗಳು ಕಂಡ ತಕ್ಷಣ ಎಸೆದುಬಿಡ್ತಿತ್ತು. ನಷ್ಟವೂ ಉಂಟು: "ಒಂದು ದಿನ ಎರಡು ಗಂಟೆ" ಅನ್ನೋ ಮಾತು ಎರಡೂ ಮನೆಯಲ್ಲಿ ಪೂರ್ತಿ ಹಿಡಿಸಲ್ಲ. `Period` ಅದನ್ನು ಒಳಗೇ ಬಿಡಲ್ಲ. `Duration` ಬಿಡುತ್ತೆ, ಆದರೆ ವೇಷ ಬದಲಿಸಿ.

ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದಕ್ಕಿಂತ ಜಾಣ. ಅದರ `interval` ತಿಂಗಳು, ದಿನ, ಉಳಿದ ಹೊತ್ತು ಮೂರನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತೆ. ಹಾಗಾಗಿ ಒಂದು ದಿನವನ್ನು ತಾನಾಗಿ 24 ಗಂಟೆ ಮಾಡಲ್ಲ. ನ್ಯೂಯಾರ್ಕಿನ ಸಮಯ ವಲಯ ಹೇಳಿ `P1DT2H` ಕೂಡಿಸಿದರೆ ಭಾನುವಾರ ರಾತ್ರಿ ಹತ್ತು ಅಂತಲೇ ಉತ್ತರ ಬರುತ್ತೆ.

ಆದ್ದರಿಂದ ಬೆಂಗಳೂರಿನಲ್ಲಿ ಕೂತು ಹೊರದೇಶಕ್ಕೆ ಕೋಡ್ ಬರೆಯೋ ನಮಗೆ ಇಲ್ಲಿ ಒಂದು ವಿಶೇಷ ಅಪಾಯ ಇದೆ. ನಮ್ಮ ಲ್ಯಾಪ್‌ಟಾಪಿನ ಗಡಿಯಾರದಲ್ಲಿ ಈ ತಪ್ಪು ಯಾವತ್ತೂ ಕಾಣಲ್ಲ. ಭಾರತದ ಸಮಯ ವಲಯದಲ್ಲಿ `P1D`, `PT24H` ವರ್ಷದ ಎಲ್ಲಾ ದಿನ ಒಂದೇ ಉತ್ತರ ಕೊಡುತ್ತೆ. ಟೆಸ್ಟ್ ಎಲ್ಲಾ ಪಾಸು. ಸಮಸ್ಯೆ ಇದೆಯೋ ಇಲ್ಲವೋ ನೋಡಬೇಕಾದರೆ ಟೆಸ್ಟಿನ ವಲಯವನ್ನು `America/New_York` ಅಂತ ಇಟ್ಟು, ಶುರುವಿನ ತಾರೀಕನ್ನು 2024ರ ಮಾರ್ಚ್ 9ರ ಸಂಜೆಗೆ ಇಟ್ಟು, ಒಂದು ದಿನ ಕೂಡಿಸಿ ನೋಡಬೇಕು. ಉತ್ತರದ ಗಂಟೆ ಶುರುವಿನ ಗಂಟೆಯೇ ಆಗಿದ್ದರೆ ನಿಮ್ಮ ಪ್ರೋಗ್ರಾಮು ಕ್ಯಾಲೆಂಡರ್ ಓದ್ತಿದೆ. ಒಂದು ಗಂಟೆ ಮುಂದಿದ್ದರೆ ಸೆಕೆಂಡ್ ಎಣಿಸ್ತಿದೆ. ಎರಡರಲ್ಲಿ ಯಾವುದು ಸರಿ ಅನ್ನೋದು ನೀವು ಏನು ಹೇಳಬೇಕು ಅಂತಿದ್ದಿರಿ ಅನ್ನೋದರ ಮೇಲಿದೆ. ದಿನಾ ಸಂಜೆ ಆರಕ್ಕೆ ನೆನಪಿಸೋ ಕೆಲಸಕ್ಕೆ ಮೊದಲನೇದು. ಒಂದು ಟೋಕನ್ ಕೊಟ್ಟ ಮೇಲೆ ಎಷ್ಟು ಹೊತ್ತು ಅದು ನಡೆಯಬೇಕು ಅನ್ನೋದಕ್ಕೆ ಎರಡನೇದು, ಅದನ್ನು `P1D` ಅಂತ ಬರೀಬಾರದು, `PT24H` ಅಂತಲೇ ಬರೀಬೇಕು. ಮಾನದಂಡ ಇದಕ್ಕೆ ಅಡ್ಡಿ ಮಾಡಲ್ಲ. 24 ಗಂಟೆ ದಾಟಿದ ತಕ್ಷಣ ದಿನಕ್ಕೆ ಬದಲಾಯಿಸಿ ಅಂತ ಅದು ಒತ್ತಾಯಿಸಲ್ಲ. ಅಂದವಾಗಿ ಕಾಣಲಿ ಅಂತ `PT36H` ಅನ್ನು `P1DT12H` ಮಾಡೋ ಕೋಡು ಕಂಡರೆ ದಯವಿಟ್ಟು ನಿಲ್ಲಿಸಿ ಕೇಳಿ. ಅದು ಅಂದ ಮಾಡ್ತಿಲ್ಲ, ಅರ್ಥ ಬದಲಿಸ್ತಿದೆ.

ಕೊನೆಗೆ ತಿಂಗಳಿನ ವಿಷಯ. ದಿನ ವರ್ಷಕ್ಕೆ ಎರಡು ಸಲ ಮಾತ್ರ ಕೈಕೊಡುತ್ತೆ, ತಿಂಗಳು ಪ್ರತಿ ಸಲವೂ. `P1M` ದೊಡ್ಡದೋ `P30D` ದೊಡ್ಡದೋ? ಕೇಳೋಕೆ ಮಕ್ಕಳ ಪ್ರಶ್ನೆ. ಎಕ್ಸ್‌ಎಂಎಲ್ ಸ್ಕೀಮಾ ಬರೆದವರು ಇದಕ್ಕೆ ಒಂದು ಚಂದದ ಪರೀಕ್ಷೆ ಇಟ್ಟಿದ್ದಾರೆ. ನಾಲ್ಕು ತಾರೀಕು ಆರಿಸಿಟ್ಟಿದ್ದಾರೆ: 1696ರ ಸೆಪ್ಟೆಂಬರ್ 1, 1697ರ ಫೆಬ್ರವರಿ 1, 1903ರ ಮಾರ್ಚ್ 1, 1903ರ ಜುಲೈ 1. ಎರಡೂ ಅವಧಿಗಳನ್ನು ಈ ನಾಲ್ಕಕ್ಕೂ ಕೂಡಿಸಬೇಕು. ನಾಲ್ಕೂ ಕಡೆ ಒಂದೇ ಗೆದ್ದರೆ ಮಾತ್ರ ಅದು ದೊಡ್ಡದು.

ಮಾಡಿ ನೋಡೋಣ. ಸೆಪ್ಟೆಂಬರ್ 1ಕ್ಕೆ ಒಂದು ತಿಂಗಳು ಸೇರಿಸಿದರೆ ಅಕ್ಟೋಬರ್ 1, ಮೂವತ್ತು ದಿನ ಸೇರಿಸಿದರೂ ಅಕ್ಟೋಬರ್ 1. ಸಮ. ಫೆಬ್ರವರಿ 1ಕ್ಕೆ ಒಂದು ತಿಂಗಳು ಅಂದ್ರೆ ಮಾರ್ಚ್ 1, ಮೂವತ್ತು ದಿನ ಅಂದ್ರೆ ಮಾರ್ಚ್ 3. ತಿಂಗಳು ಸೋತಿತು. ಮಾರ್ಚ್ 1ಕ್ಕೆ ತಿಂಗಳು ಅಂದ್ರೆ ಏಪ್ರಿಲ್ 1, ಮೂವತ್ತು ದಿನ ಅಂದ್ರೆ ಮಾರ್ಚ್ 31. ತಿಂಗಳು ಗೆದ್ದಿತು. ಜುಲೈನಲ್ಲೂ ಅದೇ. ಹಾಗಾಗಿ ತೀರ್ಪು: ಹೇಳೋಕಾಗಲ್ಲ. ಎರಡೂ ಸಮವಲ್ಲ, ಯಾವುದೂ ದೊಡ್ಡದಲ್ಲ. ಅದೇ `P32D` ಇಟ್ಟರೆ ಅದು ನಾಲ್ಕೂ ಕಡೆ ಗೆಲ್ಲುತ್ತೆ, ಅಲ್ಲಿ ಜಗಳ ಇಲ್ಲ.

ಇದೇ ಪ್ರಶ್ನೆಯನ್ನು ಈಗ ತಾನೇ ಜಾಣ ಅಂತ ಹೊಗಳಿದ ಪೋಸ್ಟ್‌ಗ್ರೆಸ್‌ಗೆ ಕೇಳಿದರೆ "ಎರಡೂ ಸಮ" ಅನ್ನುತ್ತೆ. ಹೋಲಿಸೋವಾಗ ಅದು ತಿಂಗಳನ್ನು ಮೂವತ್ತು ದಿನ ಅಂತ ಹಿಡಿದುಬಿಡುತ್ತೆ. ಕೂಡಿಸೋವಾಗ ಮಾತ್ರ ನಿಜವಾದ ತಿಂಗಳು. ಡೇಟಾಬೇಸಿಗೆ ಅವಧಿಗಳನ್ನು ಸಾಲಾಗಿ ಜೋಡಿಸೋ ಕೆಲಸ ಇರುತ್ತೆ, ಅದಕ್ಕೊಂದು ಉತ್ತರ ಬೇಕು, ಹಾಗಾಗಿ ಕೊಟ್ಟಿದೆ. ಅರ್ಥ ಮಾಡಿಕೊಳ್ಳಬಹುದು. ಆದರೆ ಚಂದಾ ಅವಧಿ `P1M` ಮತ್ತು `P30D` ಅಂತ ಎರಡು ಯೋಜನೆ ಇಟ್ಟು, ಎರಡೂ ಸಮ ಅಂತ ಡೇಟಾಬೇಸ್ ಹೇಳಿತು ಅಂತ ಒಂದರ ಬದಲು ಇನ್ನೊಂದು ಹಾಕಿದರೆ ಫೆಬ್ರವರಿಯಲ್ಲಿ ಗ್ರಾಹಕರು ಬೇರೆಯೇ ಉತ್ತರ ಕೊಡ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನೋ ಸ್ಕೀಮಾದವರ ಉತ್ತರ ಕೆಲಸಕ್ಕೆ ತೊಡಕು, ಆದರೆ ನನಗೆ ಅದರ ಮೇಲೇ ಹೆಚ್ಚು ನಂಬಿಕೆ.

ಒಟ್ಟಿನಲ್ಲಿ ಏನು ಹೇಳಲಿ? `M` ಅನ್ನು ಎರಡು ಕೆಲಸಕ್ಕೆ ಹಚ್ಚಿದ್ದು ತಪ್ಪು, ಅದಕ್ಕೆ ಕ್ಷಮೆ ಇಲ್ಲ. ನಿಮಿಷಕ್ಕೆ ಬೇರೆ ಯಾವ ಅಕ್ಷರ ಕೊಟ್ಟಿದ್ದರೂ ನನ್ನಂಥವರ ಎಷ್ಟೋ ರಾತ್ರಿಗಳ ನಿದ್ದೆ ಉಳೀತಿತ್ತು. ಆದರೆ ಕ್ಯಾಲೆಂಡರಿನ ಹೊತ್ತು ಬೇರೆ, ಎಣಿಸೋ ಹೊತ್ತು ಬೇರೆ ಅಂತ ಒಂದು ಹೊಸ್ತಿಲು ಇಟ್ಟಿದ್ದು ದೊಡ್ಡ ಕೆಲಸ. ಅದನ್ನು ಬರಹದಲ್ಲಿ ಇಟ್ಟಷ್ಟು ಸ್ಪಷ್ಟವಾಗಿ ಕೋಡಿನಲ್ಲಿ ನಾವು ಇಟ್ಟುಕೊಂಡಿಲ್ಲ. ಇನ್ನು ಮುಂದೆ ಇಂಥದ್ದೊಂದು ಬರೆದಾಗ ಬಾಯಿಬಿಟ್ಟು ಕನ್ನಡದಲ್ಲಿ ಓದಿ ನೋಡಿ. `T` ಬರೋವರೆಗೂ "ಇಷ್ಟು ದಿನ, ಇಷ್ಟು ತಿಂಗಳು ಬಿಟ್ಟು ಇದೇ ಹೊತ್ತಿಗೆ" ಅಂತ, `T` ಆದಮೇಲೆ "ಅಲ್ಲಿಂದ ಇಷ್ಟು ಗಂಟೆ, ಇಷ್ಟು ನಿಮಿಷ" ಅಂತ. `P15M` ಅನ್ನು "ಹದಿನೈದು ತಿಂಗಳು ಬಿಟ್ಟು ಇದೇ ಹೊತ್ತಿಗೆ" ಅಂತ ಒಂದು ಸಲ ಜೋರಾಗಿ ಓದಿದ್ದರೆ ನಾನು ಅವತ್ತೇ ನಕ್ಕು ತಿದ್ದಿಕೊಳ್ತಿದ್ದೆ.

ಅಂದ ಹಾಗೆ, ಅಮ್ಮ ಇದೆಲ್ಲ ಕೇಳಿ ಹೆಚ್ಚೇನೂ ಮೆಚ್ಚಲಿಲ್ಲ. ಈಗ ಅಕ್ಕ "ನಾಳೆ ಇಷ್ಟೊತ್ತಿಗೆ" ಅಂದ ತಕ್ಷಣ ಅವರು ಒಂದೇ ಪ್ರಶ್ನೆ ಕೇಳ್ತಾರೆ: "ನಿನ್ನ ಗಡಿಯಾರದ್ದೋ, ನಂದೋ?"